ಕನ್ನಡ ಧ್ವನಿ ಗುರುತಿಸುವಿಕೆಯ ಪದದೋಷ ದರ ಅಳೆಯುವುದು ಹೇಗೆ: ಅಳತೆಯ ತಪ್ಪು ಬೇರೆ, ಯಂತ್ರದ ತಪ್ಪು ಬೇರೆ

ಒಂದೇ ಆಡಿಯೊ, ಒಂದೇ ಮಾಡೆಲ್, ಒಂದೇ ಸೂತ್ರ. ಒಬ್ಬರ ಲೆಕ್ಕದಲ್ಲಿ ತಪ್ಪಿನ ಪ್ರಮಾಣ ಶೇ. 50 ಬರುತ್ತದೆ, ಇನ್ನೊಬ್ಬರ ಲೆಕ್ಕದಲ್ಲಿ ಶೇ. 23. ಇಬ್ಬರ ಕೂಡು-ಕಳೆಯುವಿಕೆಯಲ್ಲೂ ತಪ್ಪಿಲ್ಲ, ಆದರೆ ಎರಡೂ ಅಂಕಿಗಳು ಮಾಡೆಲ್‌ನ ನಿಜವಾದ ಗುಣಮಟ್ಟವನ್ನು ಹೇಳುವುದಿಲ್ಲ. ಕನ್ನಡದಂಥ ಭಾಷೆಯಲ್ಲಿ ಧ್ವನಿ ಗುರುತಿಸುವಿಕೆಯನ್ನು ಪರೀಕ್ಷಿಸುವವರು ಮತ್ತೆ ಮತ್ತೆ ಎಡವುವುದು ಇಲ್ಲೇ. ತರಬೇತಿ ದತ್ತಾಂಶ ಕಡಿಮೆ ಇರುವುದರಿಂದ ಅಂಕ ಕೆಟ್ಟದಾಗಿ ಬಂತು ಎಂದು ತೀರ್ಮಾನಿಸಿಬಿಡುತ್ತಾರೆ. ಆ ಅಂಕದಲ್ಲಿ ಎಷ್ಟು ಭಾಗ ಯಂತ್ರ ಕೇಳಿಸಿಕೊಂಡ ತಪ್ಪು, ಎಷ್ಟು ಭಾಗ ಅಳತೆಗೋಲಿನ ತಪ್ಪು ಎಂದು ಯಾರೂ ಬಿಡಿಸಿ ನೋಡಿರುವುದಿಲ್ಲ. ಕೆಳಗಿನ ಹಂತಗಳು ಅದನ್ನು ಬಿಡಿಸಿ ನೋಡುವುದಕ್ಕೆ. ಕ್ರಮ ಬದಲಿಸಬೇಡಿ, ನಾಲ್ಕನೆಯ ಹಂತ ಸರಿಯಿಲ್ಲದಿದ್ದರೆ ಮುಂದಿನದ್ದೆಲ್ಲ ವ್ಯರ್ಥ.

## ಬೇಕಾದ ಸಲಕರಣೆ

ಪೈಥಾನ್ ಇರುವ ಯಾವುದೇ ಕಂಪ್ಯೂಟರ್ ಸಾಕು. `pip install jiwer` ಎಂದು ಕೊಟ್ಟರೆ ಲೆಕ್ಕ ಹಾಕುವ ಲೈಬ್ರರಿ ಬರುತ್ತದೆ. ಯೂನಿಕೋಡ್ ಸಂಕೇತಗಳನ್ನು ಬಿಡಿಬಿಡಿಯಾಗಿ ತೋರಿಸಬಲ್ಲ ಒಂದು ಎಡಿಟರ್ ಇರಲಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಕನ್ನಡ ಚೆನ್ನಾಗಿ ಬಲ್ಲ, ಆಡಿಯೊ ಕೇಳಿ ಬರೆಯುವ ತಾಳ್ಮೆಯಿರುವ ಇಬ್ಬರು ಬೇಕು. ಒಬ್ಬರು ಏಕೆ ಸಾಲದು ಎನ್ನುವುದು ಮೂರನೆಯ ಹಂತದಲ್ಲಿ ತಿಳಿಯುತ್ತದೆ.

## ಹಂತ 1: ಒಂದು ವಾಕ್ಯವನ್ನು ಕೈಯಿಂದಲೇ ಲೆಕ್ಕ ಹಾಕಿ

ಪದದೋಷ ದರ, ಅಂದರೆ ವರ್ಡ್ ಎರರ್ ರೇಟ್, ಎರಡು ಪಠ್ಯಗಳನ್ನು ಹೋಲಿಸುತ್ತದೆ. ಮನುಷ್ಯರು ಕೇಳಿ ಬರೆದದ್ದು ಮೂಲಪಾಠ. ಯಂತ್ರ ಕೊಟ್ಟದ್ದು ಯಂತ್ರಪಾಠ. ಮೂಲಪಾಠವನ್ನು ಯಂತ್ರಪಾಠವನ್ನಾಗಿ ಬದಲಿಸಲು ಕಡಿಮೆಯೆಂದರೆ ಎಷ್ಟು ಪದಗಳನ್ನು ಮುಟ್ಟಬೇಕು ಎನ್ನುವುದೇ ಲೆಕ್ಕ. ಮುಟ್ಟುವ ಬಗೆ ಮೂರು, ಮತ್ತು ಅವಕ್ಕೆ ಹೆಸರು ಹುಡುಕಿಕೊಂಡು ಹೋಗಬೇಕಿಲ್ಲ, ಶಾಲೆಯ ಸಂಧಿ ಪಾಠದಲ್ಲೇ ಇವೆ: ಪದ ಬಿಟ್ಟುಹೋದರೆ ಲೋಪ, ಇಲ್ಲದ ಪದ ಬಂದರೆ ಆಗಮ, ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಆದೇಶ.

```
WER = (S + D + I) / N
```

ಇದರಲ್ಲಿ `S` ಆದೇಶ, `D` ಲೋಪ, `I` ಆಗಮ. `N` ಮೂಲಪಾಠದ ಪದಗಳ ಸಂಖ್ಯೆ, ಯಂತ್ರಪಾಠದ್ದಲ್ಲ. ಹಾಗಾಗಿ ಯಂತ್ರ ಇಲ್ಲದ ಪದಗಳನ್ನು ಸುರಿಯುತ್ತ ಹೋದರೆ ದರ ಶೇ. 100 ದಾಟಬಹುದು. ಅದು ಪ್ರೋಗ್ರಾಮಿನ ದೋಷವಲ್ಲ.

ಈಗ ಒಂದು ವಾಕ್ಯ ತೆಗೆದುಕೊಳ್ಳೋಣ. ಇಡೀ ಮಾರ್ಗದರ್ಶಿಗೆ ಇದೇ ಉದಾಹರಣೆ.

ಮೂಲಪಾಠ: ಅವರು ನಾಳೆ ಬೆಳಿಗ್ಗೆ ಬರುತ್ತೇನೆಂದು ಹೇಳಿದ್ದರು ಆದರೆ ಮಳೆ ಬಂದು ರಸ್ತೆ ಮುಚ್ಚಿತು

ಯಂತ್ರಪಾಠ: ಅವರು ನಾಳೆ ಬೆಳಗ್ಗೆ ಬರುತ್ತೇನೆ ಎಂದು ಹೇಳಿದ್ದರು ಆದರೆ ಮಳೆ ರಸ್ತೆ ಮುಚ್ಚಿದೆ

ಮೂಲದಲ್ಲಿ 10 ಪದ. "ಬೆಳಿಗ್ಗೆ" ಹೋಗಿ "ಬೆಳಗ್ಗೆ" ಬಂತು: ಒಂದು ಆದೇಶ. "ಬರುತ್ತೇನೆಂದು" ಹೋಗಿ "ಬರುತ್ತೇನೆ" ಬಂತು: ಎರಡನೆಯ ಆದೇಶ. ಅದರ ಪಕ್ಕದಲ್ಲೇ "ಎಂದು" ಹೊಸದಾಗಿ ಸೇರಿತು: ಒಂದು ಆಗಮ. "ಬಂದು" ಮಾಯವಾಯಿತು: ಒಂದು ಲೋಪ. "ಮುಚ್ಚಿತು" ಹೋಗಿ "ಮುಚ್ಚಿದೆ" ಆಯಿತು: ಮೂರನೆಯ ಆದೇಶ. ಒಟ್ಟು 3 + 1 + 1 = 5 ತಪ್ಪು, 10 ಪದಕ್ಕೆ. ಪದದೋಷ ದರ ಶೇ. 50.

ಈ ಐದನ್ನು ಬರೆದಿಟ್ಟುಕೊಂಡು ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಯಂತ್ರ ಇಲ್ಲಿ ನಿಜಕ್ಕೂ ತಪ್ಪಾಗಿ ಕೇಳಿಸಿಕೊಂಡಿತೇ? "ಬಂದು" ಬಿಟ್ಟುಹೋಗಿದೆ, ಹೌದು. "ಮುಚ್ಚಿತು" ಕಾಲವೇ ಬದಲಾಗಿದೆ, ಹೌದು. "ಬೆಳಿಗ್ಗೆ" ಮತ್ತು "ಬೆಳಗ್ಗೆ" ಎರಡೂ ಚಾಲ್ತಿಯಲ್ಲಿರುವ ರೂಪಗಳು. "ಬರುತ್ತೇನೆಂದು" ಎನ್ನುವುದು ಲೋಪಸಂಧಿಯಾದ ರೂಪ, "ಬರುತ್ತೇನೆ ಎಂದು" ಬಿಡಿಸಿ ಬರೆದ ರೂಪ. ವೇಗವಾಗಿ ಆಡಿದ ಮಾತಿನಲ್ಲಿ ಎರಡನ್ನೂ ಕಿವಿಯಿಂದ ಬೇರ್ಪಡಿಸುವುದು ಕಷ್ಟ. ಅಂದರೆ ಐದರಲ್ಲಿ ಎರಡು ಮಾತ್ರ ಯಂತ್ರದ ತಪ್ಪು. ಉಳಿದ ಮೂರು ಬರಹದ ರೂಢಿಯಿಂದ ಬಂದವು.

## ಹಂತ 2: ಪರೀಕ್ಷಾ ಆಡಿಯೊ ಆರಿಸಿ

ಎಷ್ಟು ಗಂಟೆ ಬೇಕು ಎಂಬುದಕ್ಕಿಂತ ಎಷ್ಟು ಜನರ ದನಿ ಎಂಬುದು ಹೆಚ್ಚು ಮುಖ್ಯ. ಒಬ್ಬರೇ ಓದಿದ ಎರಡು ಗಂಟೆಗಿಂತ 30 ಜನ ತಲಾ ನಾಲ್ಕು ನಿಮಿಷ ಆಡಿದ ಮಾತು ಮೇಲು, ಏಕೆಂದರೆ ಪದದೋಷ ದರ ಮಾತುಗಾರರಿಂದ ಮಾತುಗಾರರಿಗೆ ಬಹಳ ಏರಿಳಿಯುತ್ತದೆ. ಮಾಡೆಲ್ ಅನ್ನು ಎಲ್ಲಿ ಬಳಸುತ್ತೀರೋ ಅಲ್ಲಿಯ ಮಾತೇ ಇರಲಿ. ಫೋನ್ ಸಂಭಾಷಣೆಗೆ ಬೇಕಾದ ಮಾಡೆಲನ್ನು ಶಾಂತ ಕೋಣೆಯಲ್ಲಿ ಪುಸ್ತಕ ಓದಿದ ದನಿಯಿಂದ ಪರೀಕ್ಷಿಸಿದರೆ ಅಂಕ ಚೆನ್ನಾಗಿಯೇ ಬರುತ್ತದೆ, ಬಳಕೆಗೆ ಇಳಿದ ದಿನ ಕೈಕೊಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಓದಿಸಿ ದಾಖಲಿಸಿದ ಸಂಗ್ರಹಗಳಲ್ಲಿ ಒಂದೇ ವಾಕ್ಯವನ್ನು ಹಲವರು ಓದಿರುತ್ತಾರೆ. ಅದೇ ವಾಕ್ಯ ತರಬೇತಿಯಲ್ಲೂ ಪರೀಕ್ಷೆಯಲ್ಲೂ ಇದ್ದರೆ, ದನಿ ಬೇರೆಯಾದರೂ ಮಾಡೆಲ್ ಆ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿರುತ್ತದೆ. ಎರಡೂ ಕಡೆಯ ವಾಕ್ಯಗಳನ್ನು ಶುದ್ಧಗೊಳಿಸಿ ಹೋಲಿಸಿ, ಸಮಾನವಾದವನ್ನು ಪರೀಕ್ಷೆಯಿಂದ ತೆಗೆಯಿರಿ. ದತ್ತಾಂಶ ಕಡಿಮೆಯಿರುವ ಭಾಷೆಯಲ್ಲಿ ಅಂಕ ಅನುಮಾನ ಬರುವಷ್ಟು ಚೆನ್ನಾಗಿ ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

## ಹಂತ 3: ಇಬ್ಬರಿಂದ ಬರೆಸಿ, ಅವರಿಬ್ಬರನ್ನೇ ಮೊದಲು ಅಳೆಯಿರಿ

ಬರೆಯಲು ಕೂರುವ ಮೊದಲು ಒಂದು ಪುಟದ ನಿಯಮಪಟ್ಟಿ ಬೇಕು. ಸಂಖ್ಯೆಯನ್ನು "20" ಎಂದು ಬರೆಯುವುದೋ "ಇಪ್ಪತ್ತು" ಎಂದೋ? "ಆಫೀಸ್" ಎಂದೋ "ಆಫೀಸು" ಎಂದೋ? ಮಾತಿನಲ್ಲಿ "ಹೋಗ್ತೀನಿ" ಎಂದಿದ್ದರೆ ಹಾಗೆಯೇ ಬರೆಯುವುದೋ, "ಹೋಗುತ್ತೇನೆ" ಎಂದು ತಿದ್ದುವುದೋ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಆಡಿದ್ದನ್ನು ಆಡಿದ ಹಾಗೆಯೇ ಬರೆಯಬೇಕು, ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆಯಬೇಕು. ತಿದ್ದಿ ಬರೆದ ಮೂಲಪಾಠ ಇಟ್ಟುಕೊಂಡರೆ, ಕೇಳಿದ್ದನ್ನು ನಿಷ್ಠೆಯಿಂದ ಬರೆದ ಯಂತ್ರಕ್ಕೇ ದಂಡ ಬೀಳುತ್ತದೆ.

ನಂತರ ಸುಮಾರು 100 ವಾಕ್ಯಗಳನ್ನು ಇಬ್ಬರೂ ಒಬ್ಬರ ಬರಹ ಒಬ್ಬರು ನೋಡದೆ ಬರೆಯಲಿ. ಒಬ್ಬರದ್ದನ್ನು ಮೂಲಪಾಠವೆಂದೂ ಇನ್ನೊಬ್ಬರದ್ದನ್ನು ಯಂತ್ರಪಾಠವೆಂದೂ ಇಟ್ಟುಕೊಂಡು ಪದದೋಷ ದರ ತೆಗೆಯಿರಿ. ಬಂದ ಅಂಕಿಯೇ ನಿಮ್ಮ ನೆಲಮಟ್ಟ. ಕನ್ನಡ ಬಲ್ಲ ಇಬ್ಬರು ಮನುಷ್ಯರೇ ಹತ್ತರಲ್ಲೊಂದು ಪದವನ್ನು ಬೇರೆ ಬೇರೆಯಾಗಿ ಬರೆದರೆ, ಯಂತ್ರದ ಶೇ. 12ನ್ನು ಕೆಟ್ಟದ್ದು ಎನ್ನಲು ಆಧಾರವೇ ಇರುವುದಿಲ್ಲ. ಪದ ಬಿಡಿಸುವ, ಕೂಡಿಸುವ ರೂಢಿ ನಿಗದಿಯಾಗಿರದ ಭಾಷೆಗಳಲ್ಲಿ ಈ ನೆಲಮಟ್ಟವೇ ಎತ್ತರದಲ್ಲಿರುತ್ತದೆ. ದೊಡ್ಡ ಭಾಷೆಗಳ ಅಂಕದೊಂದಿಗೆ ಹೋಲಿಸುವಾಗ ಇದನ್ನು ಮರೆಯುವವರೇ ಹೆಚ್ಚು.

ಇಬ್ಬರ ನಡುವಿನ ವ್ಯತ್ಯಾಸಗಳನ್ನು ನೋಡಿ ನಿಯಮಪಟ್ಟಿಯನ್ನು ತಿದ್ದಿ. ಆಮೇಲೆ ಉಳಿದ ಆಡಿಯೊ ಬರೆಸಿ.

## ಹಂತ 4: ಶುದ್ಧೀಕರಣ — ಎಲ್ಲ ಕೆಡುವುದೂ ಇಲ್ಲೇ

ಹೋಲಿಸುವ ಮುನ್ನ ಎರಡೂ ಪಾಠಗಳಿಂದ ಪೂರ್ಣವಿರಾಮ, ಅಲ್ಪವಿರಾಮ, ಉದ್ಧರಣ ಚಿಹ್ನೆಗಳನ್ನು ತೆಗೆಯಬೇಕು. ಹೆಚ್ಚಿನವರು ಇದಕ್ಕೆ ಇಂಗ್ಲಿಷಿಗಾಗಿ ಬರೆದ ಒಂದು ಸಾಲನ್ನು ಹಾಗೇ ತಂದು ಅಂಟಿಸುತ್ತಾರೆ:

```python
s = re.sub(r"[^\w\s]", "", s)
```

ಇಂಗ್ಲಿಷಿಗೆ ಇದು ಸರಿ. ಕನ್ನಡಕ್ಕೆ ಇದು ಕತ್ತರಿ. ಪೈಥಾನ್‌ನ `re` ಲೈಬ್ರರಿಯಲ್ಲಿ `\w` ಎಂದರೆ ಅಕ್ಷರ, ಅಂಕಿ, ಅಡಿಗೆರೆ ಮಾತ್ರ. ನಮ್ಮ ಗುಣಿತ ಚಿಹ್ನೆಗಳು, ಸ್ವರವಿಲ್ಲವೆಂದು ತೋರಿಸುವ ಹಲಂತ, ಅನುಸ್ವಾರ ಇವೆಲ್ಲ ಯೂನಿಕೋಡ್‌ನಲ್ಲಿ ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಚಿಹ್ನೆಗಳು. ಆದ್ದರಿಂದ ಅವೂ ಹಾರಿಹೋಗುತ್ತವೆ. "ಬೆಳಿಗ್ಗೆ" ಎಂಬುದು "ಬಳಗಗ" ಆಗುತ್ತದೆ. ಕಾಗುಣಿತವೇ ಇಲ್ಲದ ಎರಡು ಪಾಠಗಳನ್ನು ಹೋಲಿಸಿದರೆ ಸ್ವರದ ತಪ್ಪುಗಳೆಲ್ಲ ಮುಚ್ಚಿಹೋಗುತ್ತವೆ.

ಓಪನ್ಎಐ ಸಂಸ್ಥೆಯ, ಧ್ವನಿ ಗುರುತಿಸುವ ವಿಸ್ಪರ್ ಮಾಡೆಲ್‌ನ ಜೊತೆಗೆ ಬರುವ `BasicTextNormalizer` ಇದನ್ನೇ ಇನ್ನೊಂದು ರೀತಿಯಲ್ಲಿ ಮಾಡುತ್ತದೆ. ಅಂಟುವ ಚಿಹ್ನೆಗಳ ಜಾಗದಲ್ಲಿ ಖಾಲಿ ಸ್ಥಳ ಇಡುತ್ತದೆ. ಆಗ "ಬೆಳಿಗ್ಗೆ" ಎಂಬ ಒಂದು ಪದ "ಬ ಳ ಗ ಗ" ಎಂಬ ನಾಲ್ಕು "ಪದ"ಗಳಾಗುತ್ತದೆ. ನಮ್ಮ ವಾಕ್ಯವನ್ನು ಇದರಲ್ಲಿ ಹಾಯಿಸಿದರೆ ಮೂಲಪಾಠದ 10 ಪದ 26 ಆಗುತ್ತದೆ. ತಪ್ಪುಗಳ ಎಣಿಕೆ ಹೀಗೆ: "ಬೆಳಿಗ್ಗೆ"ಯ ಚೂರುಗಳಲ್ಲಿ 2, "ಎಂದು" ವಿನ "ಎ" 1, "ಬಂದು" ವಿನ ಎರಡು ಚೂರುಗಳು 2, "ಮುಚ್ಚಿತು" ವಿನಲ್ಲಿ 1. ಒಟ್ಟು 6. ಇದನ್ನು 26ರಿಂದ ಭಾಗಿಸಿದರೆ ಶೇ. 23. ಮೊದಲಿಗೆ ಹೇಳಿದ ಎರಡನೆಯ ಅಂಕಿ ಇದೇ. ಮಾಡೆಲ್ ಕಿಂಚಿತ್ತೂ ಸುಧಾರಿಸಿಲ್ಲ, ಭಾಗಿಸುವ ಸಂಖ್ಯೆ ಉಬ್ಬಿದೆ ಅಷ್ಟೇ. ಎಲ್ಲಾದರೂ ಪ್ರಕಟವಾದ ಅಂಕದೊಂದಿಗೆ ನಿಮ್ಮದನ್ನು ಹೋಲಿಸುವ ಮುನ್ನ, ಅವರು ಇದನ್ನು ಬಳಸಿದ್ದಾರೆಯೇ ಎಂದು ಕೇಳಿ ತಿಳಿಯಿರಿ.

ಕನ್ನಡಕ್ಕೆ ಹೊಂದುವ ಶುದ್ಧೀಕರಣ ಚಿಕ್ಕದೇ:

```python
import re, unicodedata

def shuddhi(s):
    s = unicodedata.normalize("NFC", s)
    s = re.sub("[\u200b\u200c\u200d\ufeff]", "", s)
    s = "".join(
        " " if unicodedata.category(c)[0] in "PS" else c
        for c in s)
    return " ".join(s.split())
```

ಮೊದಲ ಸಾಲು ಏಕೆ ಬೇಕೆಂದರೆ, "ೋ" ಎಂಬ ಗುಣಿತವನ್ನು ಒಂದೇ ಸಂಕೇತವಾಗಿಯೂ ಇಡಬಹುದು, "ೆ", "ೂ", "ೕ" ಎಂಬ ಮೂರು ಸಂಕೇತಗಳ ಸಾಲಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. `NFC` ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಎರಡನೆಯ ಸಾಲು ಕಣ್ಣಿಗೆ ಕಾಣದ ಸಂಕೇತಗಳನ್ನು ತೆಗೆಯುತ್ತದೆ. ಒತ್ತಕ್ಷರ ಮೂಡದಂತೆ ತಡೆಯಲು ಕೀಬೋರ್ಡುಗಳು ಹಲಂತದ ನಂತರ `U+200C` ಸೇರಿಸುತ್ತವೆ. ಅದನ್ನು `NFC` ತೆಗೆಯುವುದಿಲ್ಲ, ನಾವೇ ತೆಗೆಯಬೇಕು. ತೆಗೆದ ಮೇಲೆ ಪದ ನೋಡಲು ವಿಚಿತ್ರವಾದರೂ ಚಿಂತೆಯಿಲ್ಲ, ಎರಡೂ ಪಾಠಗಳಿಗೆ ಒಂದೇ ಕ್ರಮ ಅನ್ವಯಿಸಿದರೆ ಸಾಕು. ಮೂರನೆಯ ಭಾಗ ವಾಕ್ಯಚಿಹ್ನೆಗಳನ್ನೂ ಇತರ ಸಂಕೇತಗಳನ್ನೂ ಮಾತ್ರ ಖಾಲಿ ಸ್ಥಳವಾಗಿಸುತ್ತದೆ, ಗುಣಿತವನ್ನು ಮುಟ್ಟುವುದಿಲ್ಲ.

ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಶುದ್ಧಗೊಳಿಸಿದ ಹತ್ತು ಸಾಲುಗಳನ್ನು ಕಣ್ಣಾರೆ ಓದಿ. ನಂತರ ಶುದ್ಧೀಕರಣಕ್ಕೆ ಮೊದಲು ಮತ್ತು ಆಮೇಲೆ ಮೂಲಪಾಠದ ಪದಗಳನ್ನು ಎಣಿಸಿ. ಎಣಿಕೆ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಎರಡರಷ್ಟಾಗಿದ್ದರೆ ನಿಮ್ಮ ಪದಗಳು ಚೂರಾಗಿವೆ.

## ಹಂತ 5: ಲೆಕ್ಕ ಹಾಕಿ, ಜೋಡಣೆಯನ್ನು ಓದಿ

ಪ್ರತಿ ಆಡಿಯೊಗೂ ಒಂದು ಗುರುತುಸಂಖ್ಯೆ ಇಟ್ಟು, ಎರಡೂ ಪಾಠಗಳನ್ನು ಆ ಸಂಖ್ಯೆಯ ಮೂಲಕವೇ ಜೋಡಿಸಿ. ಸಾಲಿನ ಕ್ರಮವನ್ನು ನಂಬಬೇಡಿ. ಯಂತ್ರ ಒಂದು ಆಡಿಯೊಗೆ ಏನನ್ನೂ ಕೊಡದಿದ್ದರೆ ಆ ಖಾಲಿ ಸಾಲು ಉಳಿಯಲೇಬೇಕು. ಅದು ಬಿದ್ದುಹೋದರೆ ಅಲ್ಲಿಂದ ಮುಂದೆ ಎಲ್ಲ ಸಾಲುಗಳೂ ಒಂದೊಂದು ಮೇಲೆ ಸರಿದು, ದರ ಶೇ. 100ರ ಹತ್ತಿರ ಹೋಗುತ್ತದೆ. ಓದಿದರೆ ಯಂತ್ರಪಾಠ ಚೆನ್ನಾಗಿದೆ, ಅಂಕ ಮಾತ್ರ ಭೀಕರವಾಗಿದೆ ಎಂದರೆ ಸಾಲು ಜಾರಿರುವುದೇ ಸಾಮಾನ್ಯ ಕಾರಣ.

`ref` ಮತ್ತು `hyp` ಎಂಬ ಎರಡು ಪಟ್ಟಿಗಳಲ್ಲಿ ಶುದ್ಧಗೊಳಿಸಿದ ವಾಕ್ಯಗಳಿವೆ ಎಂದುಕೊಳ್ಳಿ:

```python
import jiwer

out = jiwer.process_words(ref, hyp)
print(out.wer, out.substitutions,
      out.deletions, out.insertions)
print(jiwer.visualize_alignment(out))
print(jiwer.cer(ref, hyp))
```

ಪ್ರತಿ ವಾಕ್ಯದ ದರ ತೆಗೆದು ಆಮೇಲೆ ಸರಾಸರಿ ಮಾಡುವುದು ದೊಡ್ಡ ತಪ್ಪು. ಎರಡು ಪದದ ವಾಕ್ಯದಲ್ಲಿ ಒಂದು ತಪ್ಪು, ಹದಿನೆಂಟು ಪದದ ವಾಕ್ಯದಲ್ಲಿ ಒಂದು ತಪ್ಪು ಎನ್ನಿ. ಬಿಡಿ ದರಗಳು ಶೇ. 50 ಮತ್ತು ಶೇ. 5.6, ಸರಾಸರಿ ಶೇ. 27.8. ಆದರೆ ಒಟ್ಟು 20 ಪದಗಳಲ್ಲಿ ತಪ್ಪಿದ್ದು 2, ಅಂದರೆ ಶೇ. 10. ಸರಿಯಾದದ್ದು ಎರಡನೆಯದು. `jiwer` ಗೆ ಇಡೀ ಪಟ್ಟಿಯನ್ನು ಒಟ್ಟಿಗೆ ಕೊಟ್ಟರೆ ಅದೇ ಬರುತ್ತದೆ.

ಅಂಕಿ ಬಂದ ಕೂಡಲೇ ನಿಲ್ಲಿಸಬೇಡಿ. `visualize_alignment` ತೋರಿಸುವ ಜೋಡಣೆಯಲ್ಲಿ ಕಡಿಮೆಯೆಂದರೆ 50 ವಾಕ್ಯ ಓದಿ. ಅರ್ಧ ಗಂಟೆಯ ಈ ಕೆಲಸ ಒಂದು ವಾರದ ತರಬೇತಿಯನ್ನು ಉಳಿಸಬಹುದು.

## ಹಂತ 6: ಸಂಧಿ ಮತ್ತು ರೂಪಭೇದಗಳನ್ನು ಬೇರೆ ತೆಗೆಯಿರಿ

ಮೊದಲ ಹಂತದಲ್ಲಿ ಸಿಕ್ಕ ಮೂರು "ಬರಹದ ತಪ್ಪು"ಗಳಿಗೆ ಈಗ ಮರಳೋಣ. ದಾರಿ ಎರಡಿದೆ, ಎರಡನ್ನೂ ಹಿಡಿಯಿರಿ.

ಮೊದಲನೆಯದು ಸಮಾನರೂಪಗಳ ಪಟ್ಟಿ. "ಬೆಳಿಗ್ಗೆ", "ಬೆಳಗ್ಗೆ" ಎರಡೂ ಬಂದರೆ "ಬೆಳಗ್ಗೆ" ಎಂದೇ ಪರಿಗಣಿಸು; "ಬರುತ್ತೇನೆಂದು" ಬಂದರೆ "ಬರುತ್ತೇನೆ ಎಂದು" ಎಂದು ಬಿಡಿಸು. ಎರಡೂ ಪಾಠಗಳಿಗೆ ಇದನ್ನು ಅನ್ವಯಿಸಿದರೆ ನಮ್ಮ ವಾಕ್ಯದ ಮೂಲಪಾಠ 11 ಪದವಾಗುತ್ತದೆ, ತಪ್ಪು 2 ಉಳಿಯುತ್ತದೆ, ದರ ಶೇ. 18.2ಕ್ಕೆ ಇಳಿಯುತ್ತದೆ. ಆದರೆ ಈ ಪಟ್ಟಿ ಬಿಗಿಯಾಗಿರಬೇಕು. ಅರ್ಥ ಬದಲಾಗುವ ಯಾವ ಜೋಡಿಯೂ ಒಳಗೆ ಬರಕೂಡದು. "ಮುಚ್ಚಿತು", "ಮುಚ್ಚಿದೆ" ಹತ್ತಿರದವು ಎಂದು ಸೇರಿಸಿದರೆ ನೀವು ಅಳೆಯುತ್ತಿಲ್ಲ, ಮನ್ನಿಸುತ್ತಿದ್ದೀರಿ. ಪಟ್ಟಿಯನ್ನು ಬೇರೊಂದು ಅಭ್ಯಾಸದ ಆಡಿಯೊ ನೋಡಿ ತಯಾರಿಸಿ ಮುಚ್ಚಿಡಿ. ಪರೀಕ್ಷೆಯ ಯಂತ್ರಪಾಠವನ್ನು ನೋಡುತ್ತ ಪಟ್ಟಿ ಬೆಳೆಸಿದರೆ ಅಂಕ ಪ್ರತಿದಿನ ತಾನಾಗಿಯೇ ಸುಧಾರಿಸುತ್ತದೆ, ಮಾಡೆಲ್ ಅಲ್ಲೇ ಇರುತ್ತದೆ.

ಎರಡನೆಯದು ಅಕ್ಷರದೋಷ ದರ. ಸೂತ್ರ ಅದೇ, ಪದಗಳ ಬದಲು ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. "ಬರುತ್ತೇನೆಂದು" ಎಂಬುದರಲ್ಲಿ 12 ಸಂಕೇತಗಳಿವೆ. "ಬರುತ್ತೇನೆ ಎಂದು" ಆಗಲು ಒಂದು ಖಾಲಿ ಸ್ಥಳ, ಒಂದು "ಎ" ಸೇರಿದರೆ ಸಾಕು. ಪದದ ಲೆಕ್ಕದಲ್ಲಿ ಒಂದು ಪದಕ್ಕೆ ಎರಡು ತಪ್ಪು, ಶೇ. 200. ಸಂಕೇತಗಳ ಲೆಕ್ಕದಲ್ಲಿ 12ಕ್ಕೆ 2, ಶೇ. 16.7. ಇಡೀ ವಾಕ್ಯಕ್ಕೆ ಖಾಲಿ ಸ್ಥಳ ಸೇರಿ 70 ಸಂಕೇತಗಳು, ತಪ್ಪು 10. ಅಕ್ಷರದೋಷ ದರ ಶೇ. 14.3. ಪದದೋಷ ದರ 50, ಅಕ್ಷರದೋಷ ದರ 14 ಎಂಬ ಈ ದೊಡ್ಡ ಅಂತರವೇ ಒಂದು ಸುಳಿವು: ಯಂತ್ರ ದನಿಯನ್ನು ಹಿಡಿದಿದೆ, ತಪ್ಪುಗಳು ಪದದ ಅಂಚಿನಲ್ಲಿ ಮತ್ತು ಕೊನೆಯ ಪ್ರತ್ಯಯದಲ್ಲಿ ಇವೆ. ಎರಡೂ ದರಗಳು ಹತ್ತಿರ ಹತ್ತಿರ ಇದ್ದರೆ ಇಡೀ ಪದಗಳೇ ಬಿಟ್ಟುಹೋಗಿವೆ ಅಥವಾ ಬೇರೆಯೇ ಪದಗಳು ಬಂದಿವೆ.

## ಹಂತ 7: ಅಂಕಿ ಎಷ್ಟು ಗಟ್ಟಿ?

ಒಂದು ಮಾಡೆಲ್ ಶೇ. 31.2, ಇನ್ನೊಂದು ಶೇ. 30.5 ಎಂದ ಕೂಡಲೇ ಎರಡನೆಯದು ಮೇಲು ಎನ್ನಬೇಡಿ. 30 ಮಾತುಗಾರರಿದ್ದರೆ, ಅವರ ಪಟ್ಟಿಯಿಂದ 30 ಚೀಟಿ ಎತ್ತಿ, ಎತ್ತಿದ್ದನ್ನು ಪ್ರತಿಸಲ ವಾಪಸ್ ಹಾಕುತ್ತ. ಬಂದವರ ವಾಕ್ಯಗಳಿಂದ ಎರಡೂ ಮಾಡೆಲ್‌ಗಳ ದರ ತೆಗೆದು ವ್ಯತ್ಯಾಸ ಬರೆದಿಡಿ. ಹೀಗೆ 1000 ಸಲ. ವ್ಯತ್ಯಾಸಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ 25ನೆಯದನ್ನೂ 975ನೆಯದನ್ನೂ ನೋಡಿ. ಒಂದು ಋಣ, ಇನ್ನೊಂದು ಧನ ಆಗಿದ್ದರೆ ಈ ಪರೀಕ್ಷೆಯಿಂದ ಯಾವುದು ಮೇಲೆಂದು ಹೇಳಲಾಗದು. ಚೀಟಿ ಎತ್ತುವುದು ವಾಕ್ಯಗಳದ್ದಲ್ಲ, ಮಾತುಗಾರರದ್ದು ಎಂಬುದನ್ನು ಗಮನಿಸಿ. ಒಬ್ಬರ ವಾಕ್ಯಗಳ ತಪ್ಪುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

## ಹಂತ 8: ಉಳಿದ ತಪ್ಪಿನಲ್ಲಿ ದತ್ತಾಂಶದ ಪಾಲು ಎಷ್ಟು?

ಅಳತೆಗೋಲು ನೇರವಾದ ಮೇಲಷ್ಟೇ ಈ ಪ್ರಶ್ನೆಗೆ ಅರ್ಥ. ಆಗಲೂ ಮೊದಲು ಒಂದು ಪಾಲನ್ನು ಬದಿಗಿಡಬೇಕು, ಅದು ಪದದ ಉದ್ದ. ಯಂತ್ರ ಪ್ರತಿ ಅಕ್ಷರವನ್ನೂ ಶೇ. 97ರಷ್ಟು ಸಲ ಸರಿಯಾಗಿ ಹಿಡಿಯುತ್ತದೆ, ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೀಳುತ್ತವೆ ಎಂದುಕೊಳ್ಳಿ. ಮೂರು ಅಕ್ಷರದ ಪದ ಪೂರ್ತಿ ಸರಿಯಾಗುವ ಸಾಧ್ಯತೆ 0.97ರ ಘನ, ಸುಮಾರು ಶೇ. 91.3. ಆರು ಅಕ್ಷರದ ಪದಕ್ಕೆ ಶೇ. 83.3. ಕಿವಿ ಅದೇ, ಆದರೆ ಪದದೋಷ ದರ 8.7ರಿಂದ 16.7ಕ್ಕೆ ಏರಿತು. ಇಂಗ್ಲಿಷಿನಲ್ಲಿ ನಾಲ್ಕೈದು ಪದಗಳಲ್ಲಿ ಹಂಚಿಹೋಗುವ ಅರ್ಥವನ್ನು "ಮನೆಯಲ್ಲಿದ್ದವರಿಗೆ" ಎಂಬ ಒಂದೇ ಪದ ಹೊತ್ತಿರುತ್ತದೆ; ಕೊನೆಯ "ಗೆ" ತಪ್ಪಿದರೂ ಇಡೀ ಪದ ತಪ್ಪು. ಆದ್ದರಿಂದ ಎರಡು ಭಾಷೆಗಳ ಪದದೋಷ ದರಗಳನ್ನು ಅಕ್ಕಪಕ್ಕ ಇಟ್ಟು ಇದು ಮೇಲು, ಅದು ಕೀಳು ಎನ್ನುವುದು ಸರಿಯಲ್ಲ.

ಇದನ್ನು ಕಳೆದ ಮೇಲೂ ದತ್ತಾಂಶದ ಕೊರತೆ ನಿಜವಾದ ಕಾರಣವೇ. 2022ರಲ್ಲಿ ಬಂದ ವಿಸ್ಪರ್‌ನ ತರಬೇತಿಗೆ 6,80,000 ಗಂಟೆ ಆಡಿಯೊ ಬಳಕೆಯಾಯಿತು. ಅದರಲ್ಲಿ ಇಂಗ್ಲಿಷೇತರ 96 ಭಾಷೆಗಳ ಧ್ವನಿ ಗುರುತಿಸುವಿಕೆಗೆ ಇದ್ದದ್ದು ಎಲ್ಲ ಸೇರಿ 1,17,000 ಗಂಟೆ. ಭಾಷೆಗಳನ್ನು ಹೋಲಿಸಿ ಅದರ ತಯಾರಕರು ಕಂಡ ಅಂದಾಜು: ತರಬೇತಿ ಆಡಿಯೊ 16 ಪಟ್ಟು ಹೆಚ್ಚಾದರೆ ಪದದೋಷ ದರ ಅರ್ಧಕ್ಕಿಳಿಯುತ್ತದೆ. 10 ಗಂಟೆಯಲ್ಲಿ ಶೇ. 40 ಇದ್ದರೆ, 20ಕ್ಕೆ ತರಲು 160 ಗಂಟೆ, 10ಕ್ಕೆ ತರಲು 2,560 ಗಂಟೆ. ಇದು ಭಾಷೆಗಳ ನಡುವೆ ಕಂಡ ಒಟ್ಟಾರೆ ಒಲವು, ನಿಮ್ಮ ಒಂದು ಭಾಷೆಗೆ ಕೊಟ್ಟ ಭರವಸೆಯಲ್ಲ. ಆ ಅಂದಾಜಿಗಿಂತ ಕೆಟ್ಟ ಅಂಕ ಪಡೆದವುಗಳಲ್ಲಿ ನಮ್ಮ ನೆರೆಯ ತೆಲುಗೂ ಇತ್ತು. ಲಿಪಿ ತನ್ನದೇ ಆಗಿದ್ದು, ತರಬೇತಿಯಲ್ಲಿ ತುಂಬಿರುವ ಇಂಡೋ-ಯುರೋಪಿಯನ್ ಭಾಷೆಗಳಿಗೆ ದೂರದ ಭಾಷೆಗಳಿಗೆ ಹೀಗಾಗಬಹುದು.

ಯಾವ ಕೊರತೆ ಎಲ್ಲಿ ಕಾಣುತ್ತದೆ ಎನ್ನುವುದನ್ನು ತಪ್ಪುಗಳ ಬಗೆಯೇ ಹೇಳುತ್ತದೆ. ಪದದ ಬುಡ ಸರಿಯಿದ್ದು ಪ್ರತ್ಯಯ ತಪ್ಪಿದ ಆದೇಶಗಳು ರಾಶಿಯಾಗಿದ್ದರೆ, ಆ ರೂಪಗಳನ್ನು ಮಾಡೆಲ್ ತರಬೇತಿಯಲ್ಲಿ ಕಂಡೇ ಇಲ್ಲ. ಖಚಿತಪಡಿಸಿಕೊಳ್ಳಲು ಮೂಲಪಾಠದ ಪದಗಳನ್ನು ತರಬೇತಿ ಪಠ್ಯದಲ್ಲಿ ಇರುವವು, ಇಲ್ಲದವು ಎಂದು ಎರಡು ಗುಂಪು ಮಾಡಿ ತಪ್ಪು ಎಣಿಸಿ. ಇಲ್ಲದ ಗುಂಪಿನಲ್ಲಿ ತಪ್ಪು ಬಹಳ ಹೆಚ್ಚಿದ್ದರೆ ಹೊಸ ಆಡಿಯೊಗಿಂತ ಮೊದಲು ಪಠ್ಯ ಸೇರಿಸಿ ಭಾಷಾ ಮಾಡೆಲ್ ಬಲಪಡಿಸುವುದು ಅಗ್ಗದ ದಾರಿ. ಸ, ಶ, ಷ ಅಥವಾ ಅಲ್ಪಪ್ರಾಣ, ಮಹಾಪ್ರಾಣಗಳ ಗೊಂದಲವೂ ಹೀಗೆಯೇ. ಮಾತಿನಲ್ಲಿ ಇವುಗಳ ಭೇದ ಹಲವು ಸಲ ಅಳಿಸಿಹೋಗಿರುತ್ತದೆ, ಪದ ಗೊತ್ತಿದ್ದರೆ ಮಾತ್ರ ಸರಿಯಾಗಿ ಬರೆಯಬಹುದು.

ಲೋಪಗಳು ವಾಕ್ಯದ ಕೊನೆಯಲ್ಲಿ, ಅದೂ ಉದ್ದದ ಆಡಿಯೊಗಳಲ್ಲಿ ಗುಂಪಾಗಿದ್ದರೆ ಕಾರಣ ಬೇರೆ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ `UTF-8` ನಲ್ಲಿ 3 ಬೈಟ್ ಬೇಕು; "ಬರುತ್ತೇನೆಂದು" ಎಂಬುದಕ್ಕೆ 36 ಬೈಟ್. ವಿಸ್ಪರ್‌ನಂಥ ಮಾಡೆಲ್‌ಗಳು ಬೈಟ್‌ಗಳನ್ನು ಕೂಡಿಸಿ ಟೋಕನ್ ಮಾಡುತ್ತವೆ. ತರಬೇತಿ ಪಠ್ಯದಲ್ಲಿ ಹೆಚ್ಚು ಕಂಡ ಭಾಷೆಗೆ ಒಂದು ಪದ ಒಂದೇ ಟೋಕನ್ ಆಗಬಹುದು, ಕಡಿಮೆ ಕಂಡ ಭಾಷೆಗೆ ಒಂದು ಪದವೇ ಹತ್ತಾರು ಚೂರು. 30 ಸೆಕೆಂಡಿನ ತುಂಡಿಗೆ ಟೋಕನ್‌ಗಳ ಮಿತಿ 448, ಅದೂ ಗರಿಷ್ಠ. ವೇಗವಾಗಿ ಮಾತಾಡಿದವರ ಆಡಿಯೊದಲ್ಲಿ ಮಿತಿ ಮುಗಿದು ಪಾಠ ಅರ್ಧಕ್ಕೇ ನಿಂತುಬಿಡುತ್ತದೆ. ಅದೇ ಆಡಿಯೊವನ್ನು ಮಾತಿನ ನಡುವೆ ತಡೆ ಇರುವಲ್ಲಿ 10 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಮತ್ತೆ ಓಡಿಸಿ. ಲೋಪ ತಟ್ಟನೆ ಇಳಿದರೆ ಕಾರಣ ಸಿಕ್ಕಿತು.

ಆಗಮಗಳು ವಿಪರೀತವಾಗಿದ್ದು ಒಂದೇ ಪದ ಮತ್ತೆ ಮತ್ತೆ ಬರುತ್ತಿದ್ದರೆ, ಮಾಡೆಲ್ ಒಂದೇ ಸುತ್ತಿನಲ್ಲಿ ಸಿಕ್ಕಿಕೊಂಡಿದೆ. ಅಂಥ ಐದಾರು ವಾಕ್ಯಗಳೇ ಇಡೀ ಅಂಕವನ್ನು ಹಾಳುಮಾಡಬಲ್ಲವು. ಅವನ್ನು ತೆಗೆದು ಹಾಕಬೇಡಿ, ಆದರೆ ಅವುಗಳಿಂದ ಎಷ್ಟು ಏರಿಕೆಯಾಯಿತು ಎಂದು ಪ್ರತ್ಯೇಕವಾಗಿ ಬರೆಯಿರಿ. ಯಂತ್ರಪಾಠದಲ್ಲಿ ಕನ್ನಡವಲ್ಲದ ಲಿಪಿಯ ಸಾಲುಗಳಿವೆಯೇ ಎಂದೂ ಎಣಿಸಿ; ಭಾಷೆಯನ್ನೇ ತಪ್ಪಾಗಿ ಗುರುತಿಸಿದ್ದರೆ ಆ ಸಾಲಿನ ಎಲ್ಲ ಪದಗಳೂ ತಪ್ಪಾಗುತ್ತವೆ, ಮತ್ತು ಭಾಷೆಯನ್ನು ಮೊದಲೇ ನಿಗದಿ ಮಾಡಿದರೆ ಅದು ತಪ್ಪುತ್ತದೆ.

ನೀವೇ ತರಬೇತಿ ಕೊಡುತ್ತಿದ್ದರೆ ಕೊನೆಯದಾಗಿ ಒಂದು ಪ್ರಯೋಗ ಮಾಡಿ. ತರಬೇತಿ ಆಡಿಯೊದ ಕಾಲು ಭಾಗ, ಅರ್ಧ ಭಾಗ, ಪೂರ್ತಿ ಹೀಗೆ ಮೂರು ಸಲ ತರಬೇತಿ ಕೊಟ್ಟು, ಒಂದೇ ಪರೀಕ್ಷೆಯಲ್ಲಿ ಮೂರನ್ನೂ ಅಳೆಯಿರಿ. ಭಾಗ ಮಾಡುವಾಗ ಮಾತುಗಾರರ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಇಳಿಯಲಿ. ಅರ್ಧದಿಂದ ಪೂರ್ತಿಗೆ ಬಂದಾಗಲೂ ದರ ಸ್ಪಷ್ಟವಾಗಿ ಇಳಿಯುತ್ತಿದ್ದರೆ ಇನ್ನಷ್ಟು ಆಡಿಯೊ ಸಂಗ್ರಹಿಸುವುದು ಸಾರ್ಥಕ. ಇಳಿಕೆ ನಿಂತುಹೋಗಿದ್ದರೆ ಅದೇ ಬಗೆಯ ಇನ್ನೂ ನೂರು ಗಂಟೆ ತಂದರೂ ಲಾಭ ಅಲ್ಪ. ಬೇರೆ ಬಗೆಯ ಮಾತು, ಬೇರೆ ದನಿಗಳು ಬೇಕು, ಇಲ್ಲವೇ ನೀವು ಮೂರನೆಯ ಹಂತದಲ್ಲಿ ಕಂಡ ನೆಲಮಟ್ಟಕ್ಕೆ ಬಂದು ಮುಟ್ಟಿದ್ದೀರಿ.

## ವರದಿಯಲ್ಲಿ ಏನಿರಬೇಕು

ಒಂದೇ ಅಂಕಿ ಬರೆದು ಕೈತೊಳೆದುಕೊಳ್ಳಬೇಡಿ. ಸಮಾನರೂಪಗಳ ಪಟ್ಟಿ ಇಲ್ಲದೆ ಬಂದ ಪದದೋಷ ದರ, ಪಟ್ಟಿಯೊಂದಿಗೆ ಬಂದದ್ದು, ಅಕ್ಷರದೋಷ ದರ, ಮೂರು ಬಗೆಯ ತಪ್ಪುಗಳ ಎಣಿಕೆ, ಮೂಲಪಾಠದ ಒಟ್ಟು ಪದಗಳು, ಮಾತುಗಾರರ ಸಂಖ್ಯೆ, ಇಬ್ಬರು ಬರಹಗಾರರ ನಡುವಿನ ದರ ಇಷ್ಟೂ ಇರಲಿ. ಶುದ್ಧೀಕರಣದ ಕೋಡನ್ನು ಹಾಗೆಯೇ ಲಗತ್ತಿಸಿ. ಅದಿಲ್ಲದಿದ್ದರೆ ನಿಮ್ಮ 23 ಇನ್ನೊಬ್ಬರ 50ಕ್ಕಿಂತ ಮೇಲೋ, ಅಥವಾ ಅದೇ ವಾಕ್ಯದ ಇನ್ನೊಂದು ಅಳತೆಯೋ ಎಂದು ಓದುವವರಿಗೆ ತಿಳಿಯುವುದೇ ಇಲ್ಲ.